ಫೋಟೊದಲ್ಲಿ ಬಂದ ಮನೆ ನಕ್ಷೆಯನ್ನು ಓದುವುದು ಹೇಗೆ?

ಮನೆ ಕೊಳ್ಳಲು ಹೊರಟವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಮೂಲ ನಕ್ಷೆಯಲ್ಲ, ಯಾರೋ ಫೋನಿನಲ್ಲಿ ತೆಗೆದು ಕಳುಹಿಸಿದ ಅದರ ಫೋಟೊ. ಅದನ್ನು ತೆರೆದು ಕೋಣೆಗಳ ಹೆಸರು ಓದಿ, ಪರದೆಯ ಮೇಲೆ ವಿಶಾಲವಾಗಿ ಕಂಡ ಕೋಣೆಯನ್ನು ವಿಶಾಲವೆಂದೇ ನಂಬಿ, ಮುಂಗಡ ಕೊಟ್ಟ ಮೇಲೆ ಬೀರು ಎಲ್ಲಿಡುವುದೆಂದು ಪೇಚಾಡಿದವರನ್ನು ನಾನು ಬಹಳ ನೋಡಿದ್ದೇನೆ. ಫೋಟೊದಲ್ಲಿ ಕಣ್ಣಿಗೆ ಕಾಣುವ ಗಾತ್ರವನ್ನು ಆಧಾರವಾಗಿ ಹಿಡಿಯಬಾರದು. ಬರೆದಿರುವ ಅಂಕಿಯನ್ನು ಹಿಡಿಯಬೇಕು, ಅದನ್ನೂ ಕೂಡಿಸಿ ತಾಳೆ ನೋಡಿದ ಮೇಲೆಯೇ ಹಿಡಿಯಬೇಕು.

ಮೊದಲು ಫೋಟೊವನ್ನು ಪರೀಕ್ಷಿಸಿ

ನಕ್ಷೆಯ ಮೂಲೆಯಲ್ಲಿ 1:100 ಎಂದು ಬರೆದಿರಬಹುದು. ಹಾಳೆಯ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 1 ಮೀಟರ್ ಎಂಬುದು ಅದರ ಅರ್ಥ. ಮೂಲ ಗಾತ್ರದಲ್ಲೇ ಮುದ್ರಿಸಿದ ಹಾಳೆಗೆ ಮಾತ್ರ ಈ ಮಾತು ಸಲ್ಲುತ್ತದೆ. ಫೋಟೊ ತೆಗೆದ ಕ್ಷಣದಿಂದಲೇ ಆ ಸ್ಕೇಲ್ ಉಪಯೋಗಕ್ಕೆ ಬರುವುದಿಲ್ಲ. ಫೋನನ್ನು ಓರೆಯಾಗಿ ಹಿಡಿದಿದ್ದರೆ ಹತ್ತಿರದ ಕೋಣೆಗಳು ಹಿಗ್ಗಿ, ದೂರದ ಕೋಣೆಗಳು ಕುಗ್ಗಿ ಕಾಣುತ್ತವೆ. ಹಾಳೆಯ ಮಡಿಕೆಯ ಬಳಿ ಗೆರೆಗಳು ಬಾಗುತ್ತವೆ.

ಸಾಧ್ಯವಿದ್ದರೆ ಮೂಲ ಪಿಡಿಎಫ್ ಕಡತವನ್ನೇ ಕೇಳಿ ಪಡೆಯಿರಿ. ಅದು ಸಿಗದಿದ್ದರೆ ಹಾಳೆಯನ್ನು ಮೇಜಿನ ಮೇಲೆ ಹರಡಿ, ನೇರ ಮೇಲಿನಿಂದ, ನಾಲ್ಕೂ ಅಂಚುಗಳು ಬರುವಂತೆ ಮತ್ತೊಮ್ಮೆ ತೆಗೆಸಿ. ಫೋನಿನಲ್ಲಿರುವ ಸ್ಕ್ಯಾನ್ ಸೌಲಭ್ಯ ಓರೆಯಾದ ಅಂಚುಗಳನ್ನು ನೇರ ಮಾಡಿಕೊಡುತ್ತದೆ, ಆದರೆ ಉದ್ದ ಮತ್ತು ಅಗಲದ ಪ್ರಮಾಣವನ್ನು ಅದು ಸರಿಯಾಗಿಯೇ ಉಳಿಸುತ್ತದೆಂಬ ಭರವಸೆ ಇಲ್ಲ.

ಇದನ್ನು ಪತ್ತೆ ಮಾಡಲು ನಕ್ಷೆಯಲ್ಲೇ ಒಂದು ಸಾಧನವಿದೆ. ಬಾಗಿಲಿನ ಗುರುತಿನಲ್ಲಿ ತೆರೆದ ಕದವನ್ನು ಒಂದು ನೇರ ಗೆರೆಯಾಗಿಯೂ ಅದು ತಿರುಗುವ ದಾರಿಯನ್ನು ಕಾಲು ವೃತ್ತವಾಗಿಯೂ ಬರೆದಿರುತ್ತಾರೆ. ಕದವನ್ನು ಗೋಡೆಗೆ ಲಂಬವಾಗಿ ತೆರೆದಂತೆ ತೋರಿಸಿದ್ದರೆ, ಕದದ ಗೆರೆಯ ಉದ್ದವೂ ಕೀಲಿನಿಂದ ಕಮಾನು ಮುಟ್ಟುವ ಎದುರು ಅಂಚಿನವರೆಗಿನ ಅಂತರವೂ ಸಮನಾಗಿರಬೇಕು. ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾಗಿದ್ದರೆ ಫೋಟೊ ಒಂದು ದಿಕ್ಕಿಗೆ ಹಿಗ್ಗಿದೆ ಎಂದೇ ತಿಳಿಯಿರಿ. ನಕ್ಷೆಯ ನಾಲ್ಕು ಮೂಲೆಗಳ ಬಳಿ ಒಂದೊಂದು ಬಾಗಿಲನ್ನು ಹೀಗೆ ನೋಡಿದರೆ ಎಲ್ಲೆಲ್ಲಿ ಎಷ್ಟು ಓರೆಯಾಗಿದೆ ಎಂಬುದು ತಿಳಿಯುತ್ತದೆ.

ಮುಂದಿನ ಕೆಲಸವನ್ನು ಪರದೆಯ ಮೇಲೆ ಮಾಡಬೇಡಿ. ಫೋಟೊವನ್ನು ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿಕೊಂಡು ಪೆನ್ಸಿಲ್ ಮತ್ತು ಅಳತೆಪಟ್ಟಿ ಹಿಡಿದು ಕುಳಿತುಕೊಳ್ಳಿ. ಫೋಟೊದಿಂದಲೇ ಅಳತೆ ಹೇಳುತ್ತೇವೆನ್ನುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಚಿತ್ರ ಓರೆಯಾಗಿದ್ದರೆ ಅವು ತಪ್ಪನ್ನೇ ನಿಖರವಾದ ಅಂಕಿಯ ರೂಪದಲ್ಲಿ ಕೊಡುತ್ತವೆ.

ಗೆರೆ ಮತ್ತು ಹೆಸರು

ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದರೆ ಏನು ಕಾಣುವುದೋ ಅದೇ ನಕ್ಷೆ. ಹಾಗಾಗಿ ಕತ್ತರಿಸಿದ ಗೋಡೆಗಳು ದಪ್ಪ ಗೆರೆಯಲ್ಲಿ, ಕೆಳಗಿರುವ ಕಟ್ಟೆ, ಮೆಟ್ಟಿಲು ಮುಂತಾದವು ತೆಳು ಗೆರೆಯಲ್ಲಿ, ತಲೆಯ ಮೇಲಿರುವ ತೊಲೆ ಮತ್ತು ಅಟ್ಟಗಳು ತುಂಡುಗೆರೆಯಲ್ಲಿ ಬರುತ್ತವೆ. ಕೋಣೆಯ ಹೆಸರಿಗೆ ಬೆಲೆ ಕೊಡಬೇಡಿ. ಹೆಸರು ಬರೆದವರ ಇಷ್ಟ, ಕೆಳಗಿನ ಅಳತೆ ಮಾತ್ರ ನಿಮಗೆ ಬೇಕಾದದ್ದು.

ಅಳತೆಗಳನ್ನು ಕೂಡಿಸಿ ತಾಳೆ ನೋಡಿ

ಜನ ಎಡವುವುದು ಇಲ್ಲಿಯೇ. ಮೊದಲಿಗೆ ಮಾನ ಯಾವುದೆಂದು ಗುರುತಿಸಿ. ಘಟಕದ ಹೆಸರಿಲ್ಲದೆ 3050 ಎಂದಷ್ಟೇ ಇದ್ದರೆ ಅದು ಬಹುತೇಕ ಮಿಲಿಮೀಟರ್, ಅಂದರೆ ಸರಿಸುಮಾರು 10 ಅಡಿ. ಅಂಕಿಯ ನೆತ್ತಿಯ ಪಕ್ಕದ ಒಂಟಿ ಗೀಟು ಅಡಿಯನ್ನೂ ಜೋಡಿ ಗೀಟು ಇಂಚನ್ನೂ ಸೂಚಿಸುತ್ತದೆ. 10'-6" ಎಂದರೆ ಹತ್ತೂವರೆ ಅಡಿ. ಅದನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ 10.6 ಎಂದು ಒತ್ತಿ ವಿಸ್ತೀರ್ಣ ಲೆಕ್ಕ ಹಾಕುವುದು ಬಹಳ ಸಾಮಾನ್ಯವಾದ ತಪ್ಪು.

ಫೋಟೊದಲ್ಲಿ ಅಂಕಿಗಳು ಮಸುಕಾಗುತ್ತವೆ. 3 ಮತ್ತು 8, 0 ಮತ್ತು 6 ಒಂದೇ ಥರ ಕಾಣುತ್ತವೆ. 1 ಮತ್ತು 11 ನಡುವೆ ಗೊಂದಲವಾಗುತ್ತದೆ. ಊಹಿಸಿ ಓದುವ ಬದಲು ಕೂಡಿಸಿ ಓದಬೇಕು. ನಕ್ಷೆಯ ಹೊರಗಡೆ ಒಂದು ಬದಿಯ ಒಟ್ಟು ಅಳತೆ ಇರುತ್ತದೆ. ಆ ಸಾಲಿನಲ್ಲಿ ಬರುವ ಕೋಣೆಗಳ ಅಳತೆಗೆ ಗೋಡೆಗಳ ದಪ್ಪವನ್ನು ಸೇರಿಸಿದರೆ ಆ ಒಟ್ಟು ಬರಲೇಬೇಕು.

ಒಂದು ಉದಾಹರಣೆ ನೋಡೋಣ. ಎಡದಿಂದ ಬಲಕ್ಕೆ ಹಾಲ್, ಮಲಗುವ ಕೋಣೆ, ಅದಕ್ಕೆ ಹೊಂದಿದ ಬಚ್ಚಲು ಇವೆ. ಹಾಲ್ 14 ಅಡಿ, ಬಚ್ಚಲು 5 ಅಡಿ. ಎರಡು ತುದಿಯ ಹೊರಗೋಡೆಗಳು ತಲಾ 9 ಇಂಚು, ನಡುವಿನ ಎರಡು ಗೋಡೆಗಳು ತಲಾ ನಾಲ್ಕೂವರೆ ಇಂಚು. ಮಲಗುವ ಕೋಣೆಯ ಅಗಲ ಫೋಟೊದಲ್ಲಿ 10'-1" ಅಥವಾ 10'-11" ಎಂದು ಓದಿಸಿಕೊಳ್ಳುತ್ತದೆ. ಹೊರಗಿನ ಒಟ್ಟು ಅಳತೆ ಮಾತ್ರ 31 ಅಡಿ 4 ಇಂಚು ಎಂದು ಸ್ಪಷ್ಟವಾಗಿದೆ. ಗೋಡೆಗಳೆಲ್ಲ ಸೇರಿ 27 ಇಂಚು, ಅಂದರೆ 2 ಅಡಿ 3 ಇಂಚು. ಇದಕ್ಕೆ ಹಾಲ್ ಮತ್ತು ಬಚ್ಚಲಿನ 19 ಅಡಿ ಸೇರಿಸಿದರೆ 21 ಅಡಿ 3 ಇಂಚು ಆಗುತ್ತದೆ. ಒಟ್ಟಿನಲ್ಲಿ ಇದನ್ನು ಕಳೆದರೆ ಉಳಿಯುವುದು 10 ಅಡಿ 1 ಇಂಚು. ಸಂಶಯ ಇಲ್ಲಿಗೆ ಮುಗಿಯಿತು.

ಹತ್ತು ಇಂಚಿನ ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಸಾಮಾನು ಇಟ್ಟು ನೋಡಿದಾಗ ತಿಳಿಯುತ್ತದೆ. ಬರೆದ ಅಳತೆ ಇಟ್ಟಿಗೆಯಿಂದ ಇಟ್ಟಿಗೆಗೆ ಇದ್ದರೆ, ಎರಡು ಕಡೆ ಅರ್ಧರ್ಧ ಇಂಚು ಗಾರೆ ಬಳಿದ ಮೇಲೆ ಕೋಣೆಯ ನಿಜವಾದ ಅಗಲ 10 ಅಡಿ. ಹಾಲ್ ಕಡೆಯ ಗೋಡೆಗೆ ತಲೆ ಮಾಡಿ ಆರೂವರೆ ಅಡಿ ಉದ್ದದ ಮಂಚ ಹಾಕಿ, ಎದುರು ಗೋಡೆಗೆ 2 ಅಡಿ ಆಳದ ಬೀರು ನಿಲ್ಲಿಸಿದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಒಂದೂವರೆ ಅಡಿ ಅಗಲದ ಬೀರು ಬಾಗಿಲನ್ನು ಅಲ್ಲಿ ತೆರೆದರೆ ನಿಲ್ಲಲು ಜಾಗವಿರುವುದಿಲ್ಲ. 10'-11" ಎಂದು ಓದಿಕೊಂಡವರು ಅಲ್ಲಿ 2 ಅಡಿ 4 ಇಂಚಿನ ಓಣಿಯನ್ನು ಎಣಿಸಿರುತ್ತಾರೆ.

ಕೂಡಿಸಿದಾಗ ಮೊತ್ತ ಒಂದೆರಡು ಇಂಚು ಹೆಚ್ಚುಕಡಿಮೆಯಾದರೆ ಗಾರೆಯನ್ನು ಲೆಕ್ಕಕ್ಕೆ ಹಿಡಿದಿರಬಹುದು. ಪ್ರತಿ ಗೋಡೆಯ ದಪ್ಪದಷ್ಟೇ ವ್ಯತ್ಯಾಸ ಬರುತ್ತಿದ್ದರೆ ಅಳತೆಯನ್ನು ಗೋಡೆಯ ಮಧ್ಯದಿಂದ ಮಧ್ಯಕ್ಕೆ ಕೊಟ್ಟಿದ್ದಾರೆ ಎಂದರ್ಥ, ಆಗ ಕೋಣೆ ಬರೆದುದಕ್ಕಿಂತ ಚಿಕ್ಕದು.

ಬರೆಯದ ಅಳತೆಯನ್ನು ಹುಡುಕುವುದು

ಬೀರು ಇಡಲು ನಿಜಕ್ಕೂ ಬೇಕಾದ ಅಳತೆಯನ್ನು ನಕ್ಷೆಯಲ್ಲಿ ಸಾಮಾನ್ಯವಾಗಿ ಬರೆದಿರುವುದೇ ಇಲ್ಲ. ಅದೇ ಮಲಗುವ ಕೋಣೆಯಲ್ಲಿ ಬಚ್ಚಲಿನ ಬಾಗಿಲು 12 ಅಡಿ ಉದ್ದದ ಬಲಗೋಡೆಯಲ್ಲಿದೆ, ಮೇಲಿನ ಮೂಲೆಯಿಂದ ಆ ಬಾಗಿಲಿನವರೆಗೆ ಎಷ್ಟು ಗೋಡೆ ಸಿಗುತ್ತದೆಂದು ತಿಳಿಯಬೇಕು. ಮುದ್ರಿಸಿಕೊಂಡ ಹಾಳೆಯಲ್ಲಿ ಆ 12 ಅಡಿ 60 ಮಿಲಿಮೀಟರ್ ಇದೆ ಎನ್ನೋಣ. ಆಗ 1 ಮಿಲಿಮೀಟರಿಗೆ 2.4 ಇಂಚು. ಮೂಲೆಯಿಂದ ಬಾಗಿಲಿಗೆ 32 ಮಿಲಿಮೀಟರ್ ಬಂದರೆ ಗೋಡೆ ಸುಮಾರು 6 ಅಡಿ 5 ಇಂಚು.

ಈಗ ಅಡ್ಡಗೋಡೆಯನ್ನು ಅಳೆಯಿರಿ. 10 ಅಡಿ 1 ಇಂಚಿನ ಅಗಲ ಹಾಳೆಯಲ್ಲಿ 55 ಮಿಲಿಮೀಟರ್ ಇದ್ದರೆ 1 ಮಿಲಿಮೀಟರಿಗೆ 2.2 ಇಂಚು ಮಾತ್ರ. ಅಡ್ಡ ದಿಕ್ಕಿನ ಈ ಲೆಕ್ಕವನ್ನು ಉದ್ದ ದಿಕ್ಕಿಗೆ ಬಳಸಿದ್ದರೆ ಅದೇ ಗೋಡೆ 5 ಅಡಿ 10 ಇಂಚು ಎಂದು ಬರುತ್ತಿತ್ತು, 6 ಅಡಿಯ ಬೀರು ಹಿಡಿಯುವುದಿಲ್ಲವೆಂದು ನೀವು ತಪ್ಪಾಗಿ ತೀರ್ಮಾನಿಸುತ್ತಿದ್ದಿರಿ. ಆದುದರಿಂದ ಯಾವ ಅಂತರವನ್ನು ಹುಡುಕುತ್ತೀರೋ ಅದೇ ದಿಕ್ಕಿನಲ್ಲಿರುವ, ಅದಕ್ಕೆ ತೀರ ಹತ್ತಿರದ, ಬರೆದಿರುವ ಅಳತೆಯಿಂದಲೇ ಪ್ರಮಾಣವನ್ನು ತೆಗೆದುಕೊಳ್ಳಬೇಕು. ಹೀಗೆ ಪಡೆದದ್ದು ಎರಡು ಮೂರು ಇಂಚಿನಷ್ಟು ಆಚೀಚೆ ಆಗಬಹುದು. ಅದಕ್ಕಿಂತ ಬಿಗಿಯಾದ ಜಾಗವಿದ್ದರೆ ಸ್ಥಳದಲ್ಲಿ ಟೇಪ್ ಹಿಡಿದೇ ಅಳೆಯಬೇಕು.

ಬಣ್ಣ ತುಂಬಿ ಸೋಫಾ, ಮಂಚಗಳನ್ನು ಬಿಡಿಸಿದ ಜಾಹೀರಾತು ನಕ್ಷೆ ನಿಮಗೆ ಬಂದಿದ್ದರೆ ಇದೇ ವಿಧಾನದಿಂದ ಆ ಮಂಚವನ್ನೂ ಅಳೆದು ನೋಡಿ. ಉದ್ದ ಐದೂಕಾಲು ಅಡಿ ಬಂದರೆ ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನು ಚಿಕ್ಕದಾಗಿಸಿದ್ದಾರೆ. ಇಂಥ ಚಿತ್ರವನ್ನು ಬದಿಗಿಟ್ಟು ಅಳತೆಗಳಿರುವ ಕಪ್ಪು ಬಿಳುಪು ನಕ್ಷೆಯನ್ನೇ ಕೇಳಿ.

ಬಾಗಿಲುಗಳು

ಕಮಾನಿನ ಗೆರೆ ಕದ ಯಾವ ಕೋಣೆಯೊಳಕ್ಕೆ ತೆರೆಯುತ್ತದೆಂದೂ, ಕದದ ಗೆರೆ ಗೋಡೆಯನ್ನು ಮುಟ್ಟುವ ಬಿಂದು ಕೀಲು ಎಲ್ಲಿದೆಯೆಂದೂ ತಿಳಿಸುತ್ತದೆ. ನಮ್ಮ ಉದಾಹರಣೆಯ ಕೋಣೆಗೆ ಪ್ರವೇಶ ಕೆಳಗಿನ ಗೋಡೆಯಿಂದ, ಕೀಲು ಬಲಮೂಲೆಯ ಕಡೆ. ಬಲಗೋಡೆಯಲ್ಲಿ ಮೇಲಿನ 6 ಅಡಿ 5 ಇಂಚು ಮತ್ತು ಬಚ್ಚಲ ಬಾಗಿಲಿನ 2 ಅಡಿ 6 ಇಂಚು ಕಳೆದರೆ ಕೆಳಗೆ 3 ಅಡಿ 1 ಇಂಚು ಗೋಡೆ ಮಿಗುತ್ತದೆ, ನೋಡಲು ಅದು ಖಾಲಿ ಗೋಡೆ. ಆದರೆ ತೆರೆದ ಕದ ಬಂದು ನಿಲ್ಲುವುದು ಅದರ ಮುಂದೆಯೇ. ಅಲ್ಲಿ ಪುಸ್ತಕದ ಕಪಾಟನ್ನಾಗಲೀ ಕನ್ನಡಿ ಮೇಜನ್ನಾಗಲೀ ಇಡಲಾಗದು. ಬೀರುವಿಗೆ ಉಳಿದಿರುವುದು ಮೇಲಿನ ತುಂಡು ಮಾತ್ರ.

ಬಾಗಿಲಿನ ಪಕ್ಕದ ‘ಡಿ 1’, ‘ಡಿ 2’ ಎಂಬ ಗುರುತುಗಳ ಅಳತೆ ಹಾಳೆಯ ಬದಿಯ ಪಟ್ಟಿಯಲ್ಲಿರುತ್ತದೆ, ಫೋಟೊ ತೆಗೆಯುವವರು ಆ ಪಟ್ಟಿಯನ್ನೇ ಬಿಟ್ಟಿರುತ್ತಾರೆ. ಅದನ್ನು ಕೇಳಿ ತರಿಸಿಕೊಳ್ಳಿ. ಪಟ್ಟಿಯ 3 ಅಡಿ ಗೋಡೆಯಲ್ಲಿ ಬಿಡುವ ತೆರಪಿನ ಅಳತೆಯಾಗಿದ್ದರೆ, ಎರಡು ಬದಿಯ ಚೌಕಟ್ಟಿಗೆ ತಲಾ ಎರಡೂವರೆ ಇಂಚು ಕಳೆದು 2 ಅಡಿ 7 ಇಂಚು ಉಳಿಯುತ್ತದೆ. ತೆರೆದ ಕದದ ದಪ್ಪ ಅದರಲ್ಲೂ ಸ್ವಲ್ಪವನ್ನು ತಿನ್ನುತ್ತದೆ. ಎರಡೂವರೆ ಅಡಿಯ ಬಚ್ಚಲ ಬಾಗಿಲಿನಲ್ಲಿ ಸಿಗುವುದು ಎರಡು ಅಡಿಯಷ್ಟೇ ದಾರಿ. ಗಾಲಿಕುರ್ಚಿ ಬಳಸುವವರು ಮನೆಯಲ್ಲಿದ್ದರೆ ಈ ಅಂಕಿಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಕಿಟಕಿಗಳು

ಗೋಡೆಯ ದಪ್ಪದೊಳಗೆ ಎರಡು ಮೂರು ತೆಳು ಗೆರೆಗಳು ಸಮಾನಾಂತರವಾಗಿ ಹೋಗಿದ್ದರೆ ಅದು ಕಿಟಕಿ. ನಕ್ಷೆ ಹೇಳುವುದು ಅದರ ಅಗಲವನ್ನು ಮಾತ್ರ. ಎತ್ತರ ಮತ್ತು ನೆಲದಿಂದ ಎಷ್ಟು ಮೇಲೆ ಶುರುವಾಗುತ್ತದೆ ಎಂಬುದು ಪಟ್ಟಿಯಲ್ಲಿ ಸಿಗುತ್ತದೆ. ಎರಡು ಗಾಜಿನ ಜಾರು ಕಿಟಕಿಯಲ್ಲಿ ಒಮ್ಮೆಗೆ ತೆರೆಯುವುದು ಅರ್ಧ ಭಾಗ, 4 ಅಡಿಯ ಕಿಟಕಿಯಿಂದ ಗಾಳಿಗೆ 2 ಅಡಿ. ಕಿಟಕಿಯ ಆಚೆ ಏನಿದೆ ಎಂಬುದನ್ನೂ ಗೆರೆ ಹಿಡಿದು ನೋಡಿ. ನಾಲ್ಕು ಗೋಡೆಗಳ ನಡುವಿನ ಇಕ್ಕಟ್ಟಾದ ಪೈಪುಗಳ ಕಿಂಡಿಗೆ ತೆರೆಯುವ ಕಿಟಕಿಗೂ ಬಯಲಿಗೆ ತೆರೆಯುವ ಕಿಟಕಿಗೂ ನಕ್ಷೆಯಲ್ಲಿ ಗುರುತು ಒಂದೇ. ಬಚ್ಚಲಿನ ವೆಂಟಿಲೇಟರ್ ಕತ್ತರಿಸಿದ ಎತ್ತರಕ್ಕಿಂತ ಮೇಲಿರುವುದರಿಂದ ಅನೇಕ ನಕ್ಷೆಗಳಲ್ಲಿ ತುಂಡುಗೆರೆಯಲ್ಲಿರುತ್ತದೆ, ಮಸುಕಾದ ಫೋಟೊದಲ್ಲಿ ಅದು ಅಳಿಸಿಹೋಗಿರುವುದೂ ಉಂಟು.

ಕೊನೆಯದಾಗಿ ಗೋಡೆಯ ಮೂಲೆಗಳಲ್ಲಿ ಕಪ್ಪು ತುಂಬಿದ ಚೌಕಗಳನ್ನು ಹುಡುಕಿ. ಅವು ಕಂಬಗಳು. ನಾಲ್ಕೂವರೆ ಇಂಚಿನ ಗೋಡೆಗೆ 9 ಇಂಚಿನ ಕಂಬ ಬಂದಿದ್ದರೆ ಅದು ಯಾವುದೋ ಒಂದು ಕೋಣೆಯೊಳಕ್ಕೆ ಚಾಚಿರಲೇಬೇಕು. ಬರೆದ ಅಳತೆ ಮಾತ್ರ ಗೋಡೆಯಿಂದ ಗೋಡೆಗೆ ಇರುತ್ತದೆ. ಬೀರು ನಿಲ್ಲಿಸುವ ಆ 6 ಅಡಿ 5 ಇಂಚಿನ ಮೂಲೆಯಲ್ಲೇ ಅಂಥ ಕಂಬ ಚಾಚಿದ್ದರೆ, ಅದರ ಅಗಲವನ್ನು ಕಳೆದ ಮೇಲೆ 6 ಅಡಿಯ ಬೀರುವಿಗೆ ಅಲ್ಲಿ ಜಾಗವಿಲ್ಲ.