ಮೀಟಿಂಗ್‌ಗಳು ನುಗ್ಗುವ ದಿನಕ್ಕೆ ಟೈಮ್ ಬ್ಲಾಕಿಂಗ್ ಹೇಗೆ?

ಬೆಳಿಗ್ಗೆ ಬಂದ ಕೂಡಲೇ ಇಡೀ ದಿನವನ್ನು ಅರ್ಧರ್ಧ ಗಂಟೆಯ ಬ್ಲಾಕ್‌ಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಕೆಲಸ ತುಂಬಿ, ಬಣ್ಣ ಹಚ್ಚಿ ಕೂರುವವರಿದ್ದಾರೆ. 10:20ಕ್ಕೆ ‘ಒಂದೈದು ನಿಮಿಷ ಬನ್ನಿ’ ಎಂದು ಕರೆ ಬರುತ್ತದೆ. ಆ ಐದು ನಿಮಿಷ ಐವತ್ತಾಗುತ್ತದೆ. ವಾಪಸ್ ಬಂದು ನೋಡಿದರೆ ಹಾಳೆಯ ಮೇಲಿನ ಯಾವ ಗೆರೆಯೂ ಗಡಿಯಾರಕ್ಕೆ ಹೊಂದುವುದಿಲ್ಲ. ಮಧ್ಯಾಹ್ನಕ್ಕೆ ಹಾಳೆ ಮೂಲೆಗೆ, ‘ನಮ್ಮ ಕೆಲಸಕ್ಕೆಲ್ಲ ಟೈಮ್ ಬ್ಲಾಕಿಂಗ್ ಆಗೋಲ್ಲ’ ಎಂಬ ತೀರ್ಪು. ಇಲ್ಲಿ ಆಗಿರುವ ತಪ್ಪು ಎರಡೇ. ಅಡಚಣೆ ಬಂದು ಕೂರಲು ಜಾಗ ಬಿಟ್ಟಿರಲಿಲ್ಲ, ಬ್ಲಾಕ್ ಮುರಿದಾಗ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ.

1. ಐದು ದಿನ ಲೆಕ್ಕ ಬರೆಯಿರಿ

ಗೆರೆ ಎಳೆಯುವ ಮೊದಲು ಒಂದು ವಾರ ಸುಮ್ಮನೆ ಬರೆದಿಡಿ. ಕರೆಯದೇ ಬಂದ ಪ್ರತಿ ಮೀಟಿಂಗ್, ಫೋನ್, ಮೇಜಿನ ಬಳಿ ಬಂದು ನಿಂತವರ ಮಾತು: ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ನಿಮಿಷ ಹಿಡಿಯಿತು, ಅಷ್ಟೇ. ಚೀಟಿ ಸಾಕು, ಆ್ಯಪ್ ಬೇಡ. ನೆನಪಿನಿಂದ ಸಂಜೆ ಬರೆಯಲು ಹೋಗಬೇಡಿ, ರೇಗಿಸಿದ ದೊಡ್ಡ ಮೀಟಿಂಗ್ ನೆನಪಿರುತ್ತದೆ, ಎಂಟೆಂಟು ನಿಮಿಷದ ಆರು ಮಾತುಕತೆಗಳು ಮರೆತುಹೋಗಿರುತ್ತವೆ.

2. ಎಷ್ಟು ಹೊತ್ತು ನಿಮ್ಮದು ಎಂದು ಕಳೆದು ನೋಡಿ

ಉದಾಹರಣೆಗೆ, ಕೆಲಸದ ಸಮಯ 9:30ರಿಂದ 6:00. ಒಟ್ಟು 510 ನಿಮಿಷ. ಊಟಕ್ಕೆ 45, ಮೊದಲೇ ಗೊತ್ತಿರುವ ಎರಡು ಮೀಟಿಂಗ್‌ಗಳಿಗೆ 90, ಮೇಲ್ ಮತ್ತು ಮೆಸೇಜ್‌ಗಳಿಗೆ ಮೂರು ಬಾರಿ ಹದಿನೈದರಂತೆ 45 ಕಳೆಯಿರಿ. ಉಳಿದದ್ದು 330.

ಈಗ ಅಡಚಣೆಯ ಚೀಟಿ ತೆಗೆಯಿರಿ. ಐದು ದಿನಗಳ ಮೊತ್ತ 110, 150, 95, 170, 75 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ 120. ಸರಾಸರಿಯನ್ನು ನಂಬಬೇಡಿ: ಈ ಐದರಲ್ಲಿ ಎರಡು ದಿನ ಅಡಚಣೆ ಅದನ್ನು ದಾಟಿದೆ, ಅಂದರೆ ವಾರಕ್ಕೆ ಎರಡು ದಿನ ಯೋಜನೆ ಕೆಡುವುದು ಖಚಿತ. ಎರಡನೇ ದೊಡ್ಡ ಸಂಖ್ಯೆ ಹಿಡಿಯಿರಿ, ಇಲ್ಲಿ 150. ಅದನ್ನೂ ಕಳೆದರೆ ನಿಮ್ಮ ಕೈಯಲ್ಲಿರುವುದು 180 ನಿಮಿಷ, ಬರೀ ಮೂರು ಗಂಟೆ.

ಈ ಸಂಖ್ಯೆ ನೋಡಿ ಹೆಚ್ಚಿನವರು ಮುಖ ಸಣ್ಣಗೆ ಮಾಡಿಕೊಂಡು, ಐದು ಗಂಟೆಯ ಕೆಲಸ ತುಂಬಿಸಿಬಿಡುತ್ತಾರೆ. ತುಂಬಿಸಿದ ಮಾತ್ರಕ್ಕೆ ಹೊತ್ತು ಹಿಗ್ಗುವುದಿಲ್ಲ.

3. ಗೆರೆ ಎಳೆಯಿರಿ

ರೂಲು ಹಾಕಿದ ಹಾಳೆ, ಪೆನ್ಸಿಲ್. ಎಡಕ್ಕೆ ‘ಯೋಜನೆ’, ಬಲಕ್ಕೆ ‘ಆದದ್ದು’ ಎಂದು ಎರಡು ಕಾಲಂ. ಹದಿನೈದು ನಿಮಿಷದ ಚೌಕಗಳನ್ನು ಅಚ್ಚು ಹಾಕಿದ ದುಬಾರಿ ಪ್ಲಾನರ್‌ಗಳು ಈ ಕೆಲಸಕ್ಕೆ ಬರುವುದಿಲ್ಲ, ಅವುಗಳಲ್ಲಿ ದಿನವನ್ನು ಎರಡನೇ ಸಲ ಬರೆಯಲು ಜಾಗವೇ ಇರುವುದಿಲ್ಲ.

ಮೇಲಿನ ಲೆಕ್ಕದ ದಿನ ಹೀಗೆ ಕೂರುತ್ತದೆ:

9:30–9:45 ಮೇಲ್
9:45–11:00 ಬ್ಲಾಕ್ ಒಂದು: ವರದಿಯ ಕರಡು (75 ನಿಮಿಷ)
11:00–11:45 ಖಾಲಿ
11:45–12:30 ಮೀಟಿಂಗ್
12:30–1:15 ಬ್ಲಾಕ್ ಎರಡು: ಖರ್ಚಿನ ಪಟ್ಟಿ ಪರಿಶೀಲನೆ (45)
1:15–2:00 ಊಟ
2:00–2:15 ಮೇಲ್
2:15–3:00 ಖಾಲಿ
3:00–3:45 ಮೀಟಿಂಗ್
3:45–4:45 ಬ್ಲಾಕ್ ಮೂರು: ಮುಂದಿನ ವಾರದ ತಯಾರಿ (60)
4:45–5:45 ಖಾಲಿ
5:45–6:00 ಮೇಲ್, ನಾಳೆಯ ಹಾಳೆ

ಖಾಲಿ ಎಂದು ಬರೆದ ಜಾಗಗಳ ಮೊತ್ತ 150 ನಿಮಿಷ ಎಂಬುದನ್ನು ಗಮನಿಸಿ. ಅದನ್ನು ಒಂದೇ ಕಡೆ, ದಿನದ ಕೊನೆಗೆ ಗುಡ್ಡೆ ಹಾಕಬಾರದು. ಬೆಳಿಗ್ಗೆ ಮುರಿದದ್ದನ್ನು ಸಂಜೆಯವರೆಗೆ ಹೊತ್ತುಕೊಂಡು ತಿರುಗಬೇಕಾಗುತ್ತದೆ. ದೊಡ್ಡ ಬ್ಲಾಕಿನ ಬೆನ್ನಿಗೇ ಒಂದು ಖಾಲಿ ಜಾಗ ಇರಲಿ. ಮೂರು ಬ್ಲಾಕ್‌ಗಳಲ್ಲಿ ಯಾವುದನ್ನು ಇವತ್ತು ಬಿಟ್ಟರೂ ನಡೆಯುತ್ತದೆ ಎಂಬುದನ್ನು ಬೆಳಿಗ್ಗೆಯೇ ಆರಿಸಿ ಅದರ ಪಕ್ಕ ಒಂದು ಚುಕ್ಕಿ ಇಡಿ. ಸಂಜೆ ನಾಲ್ಕೂವರೆಗೆ ತಲೆ ಬಿಸಿಯಾಗಿರುವಾಗ ಆ ತೀರ್ಮಾನ ಸರಿಯಾಗಿ ಆಗುವುದಿಲ್ಲ. ಈ ದಿನದಲ್ಲಿ ಚುಕ್ಕಿ ಬ್ಲಾಕ್ ಮೂರಕ್ಕೆ.

4. ಎಲ್ಲರಿಗೂ ಕಾಣುವ ಕ್ಯಾಲೆಂಡರ್‌ನಲ್ಲಿ ಕಡಿಮೆ ಹಾಕಿ

ಸಹೋದ್ಯೋಗಿಗಳು ನೋಡುವ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಒಂದನ್ನು ಮಾತ್ರ Busy ಎಂದು ಹಾಕಿ. ಖಾಲಿ ಜಾಗಗಳನ್ನು ಮುಟ್ಟಬೇಡಿ, ಅವು ಬಿಡುವಾಗಿಯೇ ಕಾಣಲಿ. ಮೀಟಿಂಗ್ ಇಡುವವರು ಬಿಡುವು ಹುಡುಕಿದಾಗ ಕಣ್ಣಿಗೆ ಬೀಳಬೇಕಾದದ್ದು ಅವೇ. ಇಡೀ ದಿನವನ್ನು Busy ಮಾಡಿದರೆ ಎರಡೇ ವಾರದಲ್ಲಿ ‘ಇವರದ್ದು ಯಾವಾಗಲೂ ಹೀಗೇ’ ಎಂದು ಎಲ್ಲರೂ ಅದರ ಮೇಲೆಯೇ ಮೀಟಿಂಗ್ ಇಡತೊಡಗುತ್ತಾರೆ. ಹೆಸರೂ ಸ್ಪಷ್ಟವಾಗಿರಲಿ. ‘ಫೋಕಸ್ ಟೈಮ್’ ಎಂಬುದನ್ನು ಎತ್ತಿ ಪಕ್ಕಕ್ಕಿಡಲು ಯಾರಿಗೂ ಮುಲಾಜಿಲ್ಲ, ‘ವರದಿಯ ಕರಡು, ಇವತ್ತೇ ಕೊಡಬೇಕು’ ಎಂದಿದ್ದರೆ ಒಂದು ಮಾತು ಕೇಳಿಯಾದರೂ ಕೇಳುತ್ತಾರೆ.

ಮೇಜಿನ ಬಳಿ ಬಂದವರಿಗೂ ಖಾಲಿ ಜಾಗವನ್ನೇ ತೋರಿಸಿ. ‘ಈಗ ಆಗಲ್ಲ’ ಎಂದರೆ ಕೆಲಸವೂ ನಿಲ್ಲುತ್ತದೆ, ಮನಸ್ತಾಪವೂ ಆಗುತ್ತದೆ. ‘ಸರ್, ಈಗಲೇ ಬೇಕಾ, ಇಲ್ಲಾ 11ಕ್ಕೆ ನಾನೇ ನಿಮ್ಮ ಹತ್ತಿರ ಬರಲಾ?’ ಎಂದು ಕೇಳಿ. ಗಂಟೆ ಹೇಳಿದ ಮೇಲೆ ಹೋಗಲೇಬೇಕು. ಎರಡು ಸಲ ತಪ್ಪಿದರೆ ಮೂರನೇ ಸಲ ಅವರು ಕದಲುವುದಿಲ್ಲ.

5. ಬ್ಲಾಕ್ ಮುರಿದಾಗ: ಜನ ಎಡವುವ ಜಾಗ ಇದೇ

ಮೇಲಿನ ದಿನವನ್ನೇ ನಡೆಸಿ ನೋಡೋಣ. 10:20ಕ್ಕೆ ಮೇಲಧಿಕಾರಿಯ ಕರೆ ಬಂತು. ಹೊರಡಲೇಬೇಕು.

ಎದ್ದೇಳುವ ಮೊದಲು ಒಂದು ನಿಮಿಷ ತೆಗೆದುಕೊಂಡು ಎರಡು ಸಾಲು ಬರೆಯಿರಿ: ಎಲ್ಲಿ ನಿಂತಿತು, ವಾಪಸ್ ಬಂದ ಕೂಡಲೇ ಕೈ ಏನು ಮಾಡಬೇಕು. ‘ವರದಿ ಮುಂದುವರಿಸು’ ಎಂದು ಬರೆದರೆ ಬರೆಯದಿದ್ದಷ್ಟೇ ಪ್ರಯೋಜನ. ಹೀಗೆ ಬರೆಯಿರಿ: ‘ಪುಟ 4, ಎರಡನೇ ಕೋಷ್ಟಕ. ಮಾರ್ಚ್ ಮೊತ್ತ ಮೂಲ ಹಾಳೆಗೆ ತಾಳೆಯಾಗುತ್ತಿಲ್ಲ, 1,200 ವ್ಯತ್ಯಾಸ. ಮೊದಲು 38ನೇ ಸಾಲು ನೋಡು.’ ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸದೊಳಗೂ ತಲೆಯಲ್ಲಿ ಕೊರೆಯುತ್ತಿರುತ್ತದೆ. ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ಇದನ್ನು ತೋರಿಸಿದರು. ಆಮೇಲೆ 2018ರಲ್ಲಿ ಥೆರೇಸಾ ಗ್ಲೋಂಬ್ ಜೊತೆ ನಡೆಸಿದ ಅಧ್ಯಯನದಲ್ಲಿ, ವಾಪಸ್ ಬಂದು ಎಲ್ಲಿಂದ ಹಿಡಿಯಬೇಕೆಂದು ಹೀಗೆ ಚುಟುಕಾಗಿ ಬರೆದಿಟ್ಟವರಿಗೆ ಆ ಕೊರೆತ ಕಡಿಮೆ ಎಂದು ಕಂಡುಬಂತು. ಅಂದರೆ ಈ ಒಂದು ನಿಮಿಷದ ಲಾಭ ಆ ಮೀಟಿಂಗ್‌ನಲ್ಲೂ ಸಿಗುತ್ತದೆ.

ವಾಪಸ್ ಬಂದಾಗ 11:10. ಇಲ್ಲಿ ಹೆಚ್ಚಿನವರು ಉಳಿದ ಎಲ್ಲ ಬ್ಲಾಕ್‌ಗಳನ್ನೂ ಐವತ್ತು ನಿಮಿಷ ಕೆಳಗೆ ತಳ್ಳುತ್ತಾರೆ. ಒಂದು ರೈಲು ತಡವಾದರೆ ಹಿಂದಿನದೆಲ್ಲ ತಡವಾದಂತೆ, ಹಾಳೆಯ ಕೊನೆಯ ಸಾಲು 6:50ಕ್ಕೆ ಹೋಗಿ ನಿಲ್ಲುತ್ತದೆ. ಕೆಲಸಗಳನ್ನು ತಾನಾಗಿಯೇ ಜೋಡಿಸಿಕೊಡುವ ಆ್ಯಪ್‌ಗಳ ಮೇಲಿನ ದೊಡ್ಡ ತಕರಾರೂ ಇದೇ: ಮುರಿದ ಪ್ರತಿ ಸಲವೂ ಎಲ್ಲವನ್ನೂ ಸರಿಸುತ್ತ ಹೋದರೆ, ಮಧ್ಯಾಹ್ನದ ಹೊತ್ತಿಗೆ ನಿಮ್ಮ ದಿನ ನಿಮಗೇ ಗುರುತು ಸಿಗುವುದಿಲ್ಲ.

ಮುಂದಿನ ಬ್ಲಾಕ್‌ಗಳನ್ನು ಅಲ್ಲಲ್ಲೇ ಇರಲು ಬಿಡಿ. ಮುರಿದ ಬ್ಲಾಕಿನಲ್ಲಿ ಉಳಿದದ್ದು ಎಷ್ಟು? 75ರಲ್ಲಿ 35 ಆಗಿದೆ, 40 ಬಾಕಿ. ಹತ್ತಿರದ ಖಾಲಿ ಜಾಗ 11:45ರವರೆಗೆ, ಅಂದರೆ 35 ನಿಮಿಷ. ಚೀಟಿ ಓದಿ ಮತ್ತೆ ಹಿಡಿತಕ್ಕೆ ಬರಲು ಐದು ಬಿಟ್ಟರೆ 30 ನಿಮಿಷ ಕೆಲಸ ನಡೆಯುತ್ತದೆ. ಇನ್ನುಳಿದ ಹತ್ತು ನಿಮಿಷವನ್ನು ಬ್ಲಾಕ್ ಎರಡರ ಹೊಟ್ಟೆಗೆ ತುರುಕಬೇಡಿ, ಮುಂದಿನ ಖಾಲಿ ಜಾಗವಾದ 2:15ಕ್ಕೆ ಬರೆಯಿರಿ. ಬಲಗಡೆಯ ಕಾಲಂನಲ್ಲಿ ಆದದ್ದನ್ನು ಗೀಚಿ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಅದೇ ದಿನ 3 ಗಂಟೆಯ ಮೀಟಿಂಗ್ 4:10ರವರೆಗೆ ಎಳೆಯಿತು. ಬ್ಲಾಕ್ ಮೂರು 3:45ಕ್ಕೆ ಶುರುವಾಗಬೇಕಿತ್ತು. ಅದನ್ನು 4:15ರಿಂದ 5:15ಕ್ಕೆ ಹಾಕಿದರೆ ಕೊನೆಯ ಖಾಲಿ ಜಾಗದಲ್ಲಿ ಅರ್ಧ ಗಂಟೆ ಕರಗುತ್ತದೆ, ಇನ್ನರ್ಧ ಗಂಟೆ ಉಳಿಯುತ್ತದೆ. ಸರಿ. ಆದರೆ 4:40ಕ್ಕೆ ಮತ್ತೊಂದು ಕರೆ ಬಂದು 5:30ರವರೆಗೆ ಹಿಡಿದರೆ? 35 ನಿಮಿಷ ಬಾಕಿ, ಇರುವುದು 15. ಹೊಂದುವುದಿಲ್ಲ. ಬೆಳಿಗ್ಗೆ ಇಟ್ಟ ಚುಕ್ಕಿ ಈಗ ಕೆಲಸಕ್ಕೆ ಬರುತ್ತದೆ: ಬ್ಲಾಕ್ ಬಿಟ್ಟುಬಿಡಿ, ಚೀಟಿ ಬರೆದಿಡಿ, ಉಳಿದ 35 ನಿಮಿಷವನ್ನು ನಾಳೆಯ ಹಾಳೆಗೆ ಹಾಕಿ. ನಾಳೆಯ 180 ನಿಮಿಷದೊಳಗೇ ಹಾಕಬೇಕು, ಅದರ ಮೇಲೆ ಅಲ್ಲ. ಮೂರು ದಿನ ಹೀಗೆ ‘ಮೇಲೆ’ ಹಾಕಿದರೆ ಶುರುವಿನ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಖಾಲಿ ಜಾಗಕ್ಕೆ ಯಾವ ಅಡಚಣೆಯೂ ಬರಲಿಲ್ಲವೆಂದರೆ ಚಿಲ್ಲರೆ ಕೆಲಸ ಮಾಡಿಕೊಳ್ಳಿ: ಅರ್ಜಿ ತುಂಬುವುದು, ಕಡತ ಜೋಡಿಸುವುದು, ನಡುವೆ ಬಿಟ್ಟರೂ ಬೇಸರವಾಗದಂಥದ್ದು. ಹೊಸದೊಂದು ದೊಡ್ಡ ಕೆಲಸ ಹಿಡಿದಿರೋ, ಅದೂ ಮುರಿಯುತ್ತದೆ.

6. ವಾರದ ಕೊನೆಗೆ ಸಂಖ್ಯೆ ತಿದ್ದಿ

ಐದು ಹಾಳೆಗಳ ಎರಡೂ ಕಾಲಂ ಪಕ್ಕಪಕ್ಕ ಇಟ್ಟು ನೋಡಿ, ಹತ್ತು ನಿಮಿಷ ಸಾಕು. ಖಾಲಿ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮೂರು ದಿನ ಹಾಗೇ ಉಳಿದಿದ್ದರೆ 150ನ್ನು 120ಕ್ಕೆ ಇಳಿಸಿ. ಮಧ್ಯಾಹ್ನದೊಳಗೇ ಖಾಲಿ ಜಾಗವೆಲ್ಲ ಮುಗಿದುಹೋಗುತ್ತಿದ್ದರೆ ಸಂಖ್ಯೆ ಹೆಚ್ಚಿಸುವ ಮೊದಲು ಜಾಗ ಬದಲಿಸಿ ನೋಡಿ. ಅಡಚಣೆಗಳು ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತಿರಬಹುದು, ಮೊದಲ ವಾರದ ಚೀಟಿಯಲ್ಲಿ ಆ ಗಂಟೆಗಳು ಇರುತ್ತವೆ. ದೊಡ್ಡ ಬ್ಲಾಕ್ ಸರಿಯಾಗಿ ಅದೇ ಹೊತ್ತಿನಲ್ಲಿ ಕೂತಿದ್ದರೆ ಅದನ್ನು ಅಲ್ಲಿಂದ ಎತ್ತಿ.

ಎರಡನೇ ಹಂತದ ಲೆಕ್ಕದಲ್ಲಿ 60 ನಿಮಿಷಕ್ಕಿಂತ ಕಡಿಮೆ ಉಳಿಯುವವರೂ ಇದ್ದಾರೆ. ಬಂದ ದೂರಿಗೆಲ್ಲ ಉತ್ತರ ಕೊಡುವುದೇ ಕೆಲಸವಾದವರಿಗೆ ಇದು ಸಾಮಾನ್ಯ. ಅವರು ಇಡೀ ದಿನಕ್ಕೆ ಗೆರೆ ಎಳೆಯುವುದು ವ್ಯರ್ಥ. 45 ನಿಮಿಷದ ಒಂದೇ ಬ್ಲಾಕ್, ಅದೂ ಆಫೀಸು ಗಿಜಿಗುಡುವ ಮೊದಲು ಇಟ್ಟುಕೊಂಡು, ಉಳಿದ ಹೊತ್ತನ್ನು ಬಂದಂತೆ ನಡೆಸುವುದೇ ಸರಿ. ಬೇರೆ ಬಗೆಯ ಕೆಲಸದವರಿಗೂ ಇಷ್ಟೇ ಉಳಿಯುತ್ತಿದ್ದರೆ, ಐದು ದಿನದ ಆ ಚೀಟಿಯನ್ನು ಗಂಟೆ, ನಿಮಿಷಗಳ ಸಮೇತ ಮೇಲಧಿಕಾರಿಯ ಮುಂದಿಟ್ಟು, ಯಾವ ಮೀಟಿಂಗ್ ಬಿಡಬಹುದೆಂದು ಕೇಳಿ.