ವಿಮ್‌ನಲ್ಲಿ hjkl: ತೊಗರಿ ದರದ ಫೈಲಿನ ಮೇಲೆ ಮಾಡಿ ನೋಡಿದ್ದು

ಬೇರೆ ಎಡಿಟರ್‌ಗಳಲ್ಲಿ ಫೈಲ್ ತೆರೆದ ಕೂಡಲೇ ಟೈಪ್ ಮಾಡಬಹುದು. ವಿಮ್ ತೆರೆದರೆ ನೀವು ಇರುವುದು ನಾರ್ಮಲ್ ಮೋಡ್‌ನಲ್ಲಿ, ಅಲ್ಲಿ ಅಕ್ಷರದ ಕೀಗಳೆಲ್ಲ ಆದೇಶಗಳು. `h` ಎಡಕ್ಕೆ, `j` ಕೆಳಕ್ಕೆ, `k` ಮೇಲಕ್ಕೆ, `l` ಬಲಕ್ಕೆ. `i` ಒತ್ತಿದರೆ ಇನ್ಸರ್ಟ್ ಮೋಡ್, ಅಂದರೆ ಬರೆಯುವ ಸ್ಥಿತಿ. `Esc` ಒತ್ತಿದರೆ ಮತ್ತೆ ನಾರ್ಮಲ್. ಉಳಿಸಿ ಹೊರಬರಲು `:wq`, ಉಳಿಸದೆ ಹೊರಬರಲು `:q!`. ಮೊದಲ ದಿನಕ್ಕೆ ಇಷ್ಟು ಸಾಕು.

ಈ ನಾಲ್ಕೇ ಕೀಗಳು ಯಾಕೆ ಎಂಬುದಕ್ಕೆ ಕಾರಣವಿದೆ. ವಿಮ್‌ನ ಹಿರಿಯಣ್ಣ ವಿಐ ಎಡಿಟರನ್ನು 1976ರ ಸುಮಾರಿಗೆ ಬಿಲ್ ಜಾಯ್ ಬರ್ಕ್ಲಿಯಲ್ಲಿ ಬರೆದಾಗ ಅವರ ಮುಂದಿದ್ದದ್ದು ಎಡಿಎಂ-3ಎ ಟರ್ಮಿನಲ್. ಅದರಲ್ಲಿ ಪ್ರತ್ಯೇಕ ಬಾಣದ ಕೀಗಳಿರಲಿಲ್ಲ. ಬಾಣದ ಗುರುತುಗಳನ್ನು `H`, `J`, `K`, `L` ಕೀಗಳ ಮೇಲೆಯೇ ಅಚ್ಚು ಹಾಕಿದ್ದರು. ಇವತ್ತು ನಮ್ಮ ಕೀಬೋರ್ಡ್‌ನಲ್ಲಿ ಬಾಣಗಳಿವೆ, ವಿಮ್‌ನಲ್ಲಿ ಅವೂ ನಡೆಯುತ್ತವೆ. ಆದರೆ ಕೈಯನ್ನು ಅಕ್ಷರಗಳಿಂದ ಎತ್ತಿ ಬಲಮೂಲೆಗೆ ಒಯ್ದು ಮತ್ತೆ ತರಬೇಕು. ಅದು ತಪ್ಪುತ್ತದೆ ಎಂಬುದು ಸಣ್ಣ ಲಾಭ. ದೊಡ್ಡ ಲಾಭ ಬೇರೆಯೇ ಇದೆ: ಚಲನೆಯ ಕೀಗಳನ್ನು ಕ್ರಿಯೆಯ ಕೀಗಳ ಜೊತೆ ಜೋಡಿಸಬಹುದು.

`d` ಅಂದರೆ ಅಳಿಸು, `c` ಅಂದರೆ ಬದಲಿಸು, `y` ಅಂದರೆ ನಕಲು ತೆಗೆ. ಇವುಗಳ ಮುಂದೆ ಎಲ್ಲಿಯವರೆಗೆ ಎಂದು ಹೇಳಬೇಕು. `dw` ಮುಂದಿನ ಪದದ ಆರಂಭದವರೆಗೆ ಅಳಿಸುತ್ತದೆ, `dl` ಒಂದು ಅಕ್ಷರ. ಕನ್ನಡದಲ್ಲಿ ನಾವು ‘ಈ ಪದ ಅಳಿಸು’ ಎಂದು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ, ವಿಮ್ ಅದನ್ನು ಮೊದಲಿಗೆ ಕೇಳುತ್ತದೆ. ಇದು ತಿರುಗುಮುರುಗು ಅನ್ನಿಸುವವರು `viw` ಒತ್ತಿ ಪದವನ್ನು ಮೊದಲು ಆರಿಸಿ, ಆಮೇಲೆ `d` ಒತ್ತಬಹುದು. ಅದು ನಮ್ಮ ವಾಕ್ಯದ ಕ್ರಮವೇ.

ಇಲ್ಲೊಂದು ಲೆಕ್ಕ ಬಹಳ ಜನರನ್ನು ಎಡವಿಸುತ್ತದೆ. `dj` ಒಂದು ಸಾಲನ್ನಲ್ಲ, ಎರಡನ್ನು ಅಳಿಸುತ್ತದೆ: ಕರ್ಸರ್ ಇರುವ ಸಾಲು ಮತ್ತು ಕೆಳಗಿನದು. ಹಾಗೆಯೇ `d3j` ನಾಲ್ಕು ಸಾಲು ತಿನ್ನುತ್ತದೆ. ಸರಿಯಾಗಿ ಮೂರು ಸಾಲು ಬೇಕಿದ್ದರೆ `3dd`. ತಪ್ಪಿದರೆ `u` ಒತ್ತಿ, ಹಿಂದಿನ ಸ್ಥಿತಿ ಬರುತ್ತದೆ.

ಈಗ ಒಂದು ಕೆಲಸ ಮಾಡಿ ನೋಡೋಣ. ಕಲಬುರಗಿ ಸುತ್ತಲಿನ ಊರುಗಳ ತೊಗರಿ ದರ ತುಂಬುವ ಪೈಥಾನ್ ಫೈಲ್ ಇದೆ ಅಂತಿಟ್ಟುಕೊಳ್ಳಿ. ದರ ಬಾರದ ಕಡೆ `NA` ಇದೆ, ಅದನ್ನು `0` ಮಾಡಬೇಕು.

```
rates = [
    ("Aland", NA),
    ("Sedam", NA),
    ("Chittapur", NA),
    ("Jewargi", NA),
]
```

ಕರ್ಸರ್ ಮೊದಲ ಸಾಲಿನ ಆರಂಭದಲ್ಲಿದೆ. `j` ಒತ್ತಿ ಆಳಂದ ಸಾಲಿಗೆ ಇಳಿಯಿರಿ. ಇಲ್ಲಿಂದ `NA` ತನಕ `l` ಅನ್ನು ಹದಿನಾಲ್ಕು ಸಲ ಒತ್ತುವುದು ಹೊಸಬರ ದಾರಿ. ಅದರ ಬದಲು `fN` ಒತ್ತಿದರೆ, ಅದೇ ಸಾಲಿನ ಮುಂದಿನ `N` ಮೇಲೆ ಕರ್ಸರ್ ನೇರ ಕೂರುತ್ತದೆ. `cw` ಒತ್ತಿ `0` ಬರೆದು `Esc` ಒತ್ತಿ. ಒಂದು ಸಾಲು ಮುಗಿಯಿತು.

ಮುಂದಿನ ಸಾಲುಗಳಿಗೆ ಇದನ್ನೆಲ್ಲ ಮತ್ತೆ ಬರೆಯಬೇಕಿಲ್ಲ. `;` ಕೊನೆಯ `f` ಹುಡುಕಾಟವನ್ನು ಮರುಮಾಡುತ್ತದೆ, `.` ಕೊನೆಯ ಬದಲಾವಣೆಯನ್ನು ಮರುಮಾಡುತ್ತದೆ. ಹಾಗಾದರೆ `j;.` ಸಾಕಲ್ಲವೇ? ಮಾಡಿ ನೋಡಿ. ಸೇಡಂ ಸಾಲಿಗೆ ಇಳಿದರೆ ಕರ್ಸರ್ ಆಗಲೇ `N` ಮೇಲೆಯೇ ಇರುತ್ತದೆ, ಯಾಕೆಂದರೆ `Aland`, `Sedam` ಎರಡಕ್ಕೂ ಐದೇ ಅಕ್ಷರ. `;` ಮುಂದೆ ಏನೂ ಸಿಗದೆ ಬೀಪ್ ಅನ್ನುತ್ತದೆ, ಆದರೂ `.` ಸರಿಯಾಗಿ ಕೆಲಸ ಮಾಡುತ್ತದೆ. ಚಿತ್ತಾಪುರವೂ ಸರಿ. ಜೇವರ್ಗಿಗೆ ಬಂದಾಗ ಕಥೆ ಕೆಡುತ್ತದೆ. ಚಿತ್ತಾಪುರದ ಹೆಸರು ಉದ್ದ, ಅದರ `0` ಬಲಕ್ಕೆ ಸರಿದಿತ್ತು. ಅದೇ ಕಾಲಂನಲ್ಲಿ ಇಳಿದ ಕರ್ಸರ್ ಇಲ್ಲಿ `NA` ದಾಟಿ ಆವರಣದ ಮೇಲೆ ಕೂತಿರುತ್ತದೆ. `;` ಮತ್ತೆ ಸೋಲುತ್ತದೆ, `.` ಮಾತ್ರ ಸುಮ್ಮನಿರುವುದಿಲ್ಲ:

```
    ("Jewargi", NA0
```

ಆವರಣ, ಅಲ್ಪವಿರಾಮ ಎರಡೂ ಹೋದವು. `u` ಒತ್ತಿ. ಪರಿಹಾರ ಒಂದೇ ಕೀ: ಇಳಿದ ಮೇಲೆ `0` ಒತ್ತಿ ಸಾಲಿನ ಆರಂಭಕ್ಕೆ ಹೋಗುವುದು. ಆಗ `j0;.` ಪ್ರತಿ ಸಾಲಿಗೂ ತಪ್ಪದೆ ನಡೆಯುತ್ತದೆ. ನಾಲ್ಕು ಕೀ, ಒಂದು ಸಾಲು. (ಮುನ್ನೂರು ಸಾಲಿದ್ದರೆ ನಾನೂ `:%s/\<NA\>/0/` ಎಂದೇ ಬರೆಯುತ್ತೇನೆ. ಒಂದೊಂದು ಸಾಲನ್ನೂ ಕಣ್ಣಿಂದ ನೋಡಿ ಬೇಕೋ ಬೇಡವೋ ನಿರ್ಧರಿಸಬೇಕಾದಾಗ ಚುಕ್ಕಿಯೇ ಮೇಲು.) ವಿಮ್ ಬಿಡಲಾರದವರು ಬಿಡದಿರುವುದು ಈ ಚುಕ್ಕಿಗಾಗಿ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಹೊಸದಾಗಿಯೇ ಬರೆಯುವವರಿಗೆ ಈ ಲಾಭ ಕಡಿಮೆ. ಇದ್ದ ಕೋಡನ್ನು ಓದಿ ಅಲ್ಲಲ್ಲಿ ತಿದ್ದುವವರಿಗೆ, ದೂರದ ಸರ್ವರ್‌ಗೆ `ssh` ಮೂಲಕ ಹೋಗಿ ಕೆಲಸ ಮಾಡುವವರಿಗೆ ಹೆಚ್ಚು.

ಶುರು ಮಾಡುವಾಗ ಉಬುಂಟುವಿನಲ್ಲಿ ಮೊದಲು `sudo apt install vim` ಮಾಡಿಕೊಳ್ಳಿ. ಉಬುಂಟುವಿನ ಜೊತೆ ಮೊದಲೇ ಬರುವುದು ವಿಮ್‌ನ ಕಿರಿದಾದ ರೂಪ. ಅದರಲ್ಲಿ ಇನ್ಸರ್ಟ್ ಮೋಡ್‌ನಲ್ಲಿ ಬಾಣ ಒತ್ತಿದರೆ `A`, `B`, `C`, `D` ಅಕ್ಷರಗಳು ಬೀಳಬಹುದು. ಪೂರ್ತಿ ವಿಮ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ `vimtutor` ಬರೆಯಿರಿ. ಅರ್ಧ ಗಂಟೆಯ ಪಾಠ, ಓದುವುದಲ್ಲ, ಫೈಲಿನಲ್ಲೇ ತಿದ್ದುತ್ತ ಕಲಿಯುವುದು. ಆಮೇಲೆ `:set relativenumber` ಹಾಕಿಕೊಂಡರೆ, ಬೇಕಾದ ಸಾಲು ಎಷ್ಟು ಕೆಳಗಿದೆ ಎಂದು ಅಂಚಿನಲ್ಲೇ ಕಾಣುತ್ತದೆ. ಏಳು ಸಲ `j` ಬದಲು `7j`.

ಕೀಗಳು ಹುಚ್ಚುಹುಚ್ಚಾಗಿ ವರ್ತಿಸಿದರೆ ಮೊದಲು ಕ್ಯಾಪ್ಸ್ ಲಾಕ್ ನೋಡಿ. ದೊಡ್ಡ `J` ಕೆಳಗಿನ ಸಾಲನ್ನು ಮೇಲಿನದಕ್ಕೆ ಅಂಟಿಸುತ್ತದೆ, ದೊಡ್ಡ `K` ಯಾವುದೋ ಸಹಾಯ ಪುಟ ತೆರೆಯುತ್ತದೆ. ಹಳೆಯ ವಿಮ್‌ನಲ್ಲಿ ಪರದೆ ಪೂರ್ತಿ ಹೆಪ್ಪುಗಟ್ಟಿದರೆ ಉಳಿಸಲೆಂದು ಅಭ್ಯಾಸಬಲದಿಂದ `Ctrl-S` ಒತ್ತಿರುತ್ತೀರಿ. ಟರ್ಮಿನಲ್ ಅಲ್ಲೇ ನಿಂತಿರುತ್ತದೆ, `Ctrl-Q` ಒತ್ತಿದರೆ ಬಿಡುತ್ತದೆ.

ನಮ್ಮ ಕಡೆ ಹುಡುಗರು ಕೇಳುವ ಇನ್ನೊಂದು ಮಾತಿದೆ: “ಸರ, `j` ಒತ್ತಿದ್ರ ಏನೂ ಆಗವಲ್ದ್ರಿ.” ನೋಡಿದರೆ ಕಾಮೆಂಟ್ ಬರೆಯಲು ಕನ್ನಡ ಕೀಬೋರ್ಡ್ ಹಾಕಿ, `Esc` ಒತ್ತಿದ ಮೇಲೂ ಅದನ್ನು ತೆಗೆದಿರುವುದಿಲ್ಲ. ಕಗಪ ವಿನ್ಯಾಸದಲ್ಲಿ `j` ಕೀ ಕೊಡುವುದು ‘ಜ’. ನಾರ್ಮಲ್ ಮೋಡ್‌ಗೆ ‘ಜ’ ಎಂಬ ಆದೇಶ ಗೊತ್ತಿಲ್ಲ. ಕನ್ನಡ ಬರೆದು ಮುಗಿದೊಡನೆ ಮೊದಲು ಇಂಗ್ಲಿಷ್ ಕೀಬೋರ್ಡ್‌ಗೆ ಬಂದು, ಆಮೇಲೆ `Esc` ಒತ್ತುವ ಕ್ರಮ ರೂಢಿಸಿಕೊಂಡರೆ ಈ ತೊಂದರೆ ಇಲ್ಲ.

ಕೊನೆಯದು ಕರೆಂಟಿನದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಅದೇ ಫೈಲ್ ತೆರೆದರೆ `E325` ಎಂಬ ಉದ್ದ ಎಚ್ಚರಿಕೆ ಬರುತ್ತದೆ. ಹೆದರಿ ಮುಚ್ಚಬೇಡಿ, ಅದು ನಿಮ್ಮ ಪರವಾಗಿಯೇ ಇದೆ. 200 ಅಕ್ಷರ ಬರೆದ ಮೇಲೆ, ಇಲ್ಲವೇ 4 ಸೆಕೆಂಡ್ ಕೈ ಬಿಟ್ಟಾಗ, ವಿಮ್ ಬದಲಾವಣೆಗಳನ್ನು `.swp` ಫೈಲಿಗೆ ಬರೆದಿಟ್ಟಿರುತ್ತದೆ. `R` ಒತ್ತಿ, ಬಂದದ್ದನ್ನು ಓದಿ ನೋಡಿ, ಸರಿ ಇದ್ದರೆ `:wq` ಮಾಡಿ. ಆಮೇಲೆ ಆ `.swp` ಫೈಲನ್ನು ಕೈಯಾರೆ ಅಳಿಸಿ, ಇಲ್ಲದಿದ್ದರೆ ಫೈಲ್ ತೆರೆದಾಗಲೆಲ್ಲ ಅದೇ ಎಚ್ಚರಿಕೆ ಬರುತ್ತಿರುತ್ತದೆ.