ಚಾಟ್‌ನಲ್ಲಿ ಮಾಯ, ಗ್ಯಾಲರಿಯಲ್ಲಿ ಹಾಜರ್

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಈಗ ಯಾರೂ ಕಾಗದ ತರುವುದಿಲ್ಲ. 'ವಾಟ್ಸಾಪ್ ಮಾಡ್ತೀನಿ, ಪ್ರಿಂಟ್ ಕೊಡಿ' ಅಂತಾರೆ. ಊರಿನವರ ಆಧಾರ್ ಎಲ್ಲ ನನ್ನ ಫೋನಲ್ಲಿ ಬಿದ್ದಿರುವುದು ಸರಿ ಕಾಣಲಿಲ್ಲ. ಅದಕ್ಕೆ ವಾಟ್ಸಾಪ್‌ನ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ಡೀಫಾಲ್ಟ್ ಮೆಸೇಜ್ ಟೈಮರ್ 24 ಗಂಟೆಗೆ ಇಟ್ಟೆ. ಅಷ್ಟು ಹೊತ್ತಾದರೆ ಮೆಸೇಜ್ ಚಾಟ್‌ನಿಂದ ತಾನಾಗೇ ಅಳಿಸಿಹೋಗುತ್ತದೆ. 7 ದಿನ, 90 ದಿನವೂ ಇದೆ, ನನಗೆ ಅಷ್ಟು ಯಾಕೆ? ಇದು ಹೊಸ ಚಾಟ್‌ಗಳಿಗೆ ಮಾತ್ರ. ಹಳೇ ಗಿರಾಕಿಗಳ ಚಾಟ್‌ಗೆ ಬೇರೆಯಾಗಿ ಹಾಕಬೇಕಾಯಿತು. ಹಾಕಿದರೂ ಅದಕ್ಕೂ ಮುಂಚೆ ಬಂದಿದ್ದ ಮೆಸೇಜ್‌ಗಳು ಹಾಗೇ ಉಳಿದವು.

ಒಂದು ದಿನ ಪಕ್ಕದ ಬೀದಿಯ ಅಮ್ಮ ಬಂದರು. 'ಮೊನ್ನೆ ಕಳಿಸಿದ್ದೆನಲ್ಲಪ್ಪ, ಇನ್ನೊಂದು ಕಾಪಿ ಕೊಡು.'

'ಅದು ಅಳಿಸಿಹೋಗಿರುತ್ತಮ್ಮ' ಅಂದೆ. ಚಾಟ್ ನಿಜವಾಗಿಯೂ ಖಾಲಿ. ಸುಮ್ನೆ ಗ್ಯಾಲರಿ ತೆರೆದೆ. ಅವರ ಆಧಾರ್ ಫೋಟೊ ಅಲ್ಲೇ ಇತ್ತು! ಮೇಲೆ ಕೆಳಗೆ ಇನ್ನೂ ಎಷ್ಟೋ ಜನರದ್ದು. ಕಾಪಿ ಕೊಟ್ಟೆ, ಮುಖ ಮಾತ್ರ ಎತ್ತಲಾಗಲಿಲ್ಲ.

ಆಗಿದ್ದು ಇಷ್ಟೇ. ಆಟೊ ಡೌನ್‌ಲೋಡ್ ಆನ್ ಇತ್ತು. ಬಂದ ಫೋಟೊ ಬಂದಹಾಗೇ ಫೋನಿಗೆ ಇಳಿಯುತ್ತಿತ್ತು. ಟೈಮರ್ ಅಳಿಸುವುದು ಚಾಟ್‌ನಲ್ಲಿರುವುದನ್ನು, ಗ್ಯಾಲರಿಗೆ ಇಳಿದಿದ್ದನ್ನಲ್ಲ. ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ಕಥೆ ಇನ್ನೂ ಜೋರು. ಪ್ರಿಂಟ್‌ಗೆ ಅಂತ ನಾನೇ ಇಳಿಸಿಕೊಂಡ ಪಿಡಿಎಫ್‌ಗಳು ರಾಶಿ ಬಿದ್ದಿದ್ದವು.

ಅವತ್ತು ಸಂಜೆ ಅಂಗಡಿ ಹುಡುಗನ ಚಾಟ್‌ಗೆ ಟೈಮರ್ ಹಾಕಿ ಒಂದು ಸುಳ್ಳು ಆಧಾರ್ ನಂಬರ್ ಕಳಿಸಿದೆ. 'ಏನೇನು ಉಳಿಸಿಕೊಳ್ಳಬಹುದೋ ಉಳಿಸಿಕೋ' ಅಂದೆ. ಸ್ಕ್ರೀನ್‌ಶಾಟ್ ಹೊಡೆದ. ನನಗೆ ಒಂದು ಸೂಚನೆಯೂ ಬರಲಿಲ್ಲ. ಟೈಮರ್ ಇಲ್ಲದ ತನ್ನ ತಮ್ಮನ ಚಾಟ್‌ಗೆ ಫಾರ್ವರ್ಡ್ ಮಾಡಿದ. ಮಾರನೇ ದಿನ ನಮ್ಮ ಚಾಟ್‌ನಲ್ಲಿ ಮೆಸೇಜ್ ಹೋಗಿತ್ತು, ತಮ್ಮನ ಹತ್ತಿರ ಹಾಗೇ ಇತ್ತು. ನನ್ನ ಮೆಸೇಜ್ ಹಿಡಿದು ಅವನು ರಿಪ್ಲೈ ಮಾಡಿದ್ದರೆ, ಆ ರಿಪ್ಲೈ ಮೇಲಿನ ತುಣುಕಲ್ಲೂ ನಂಬರ್ ಉಳಿಯಬಹುದು. ಮೆಸೇಜ್ ಅಳಿಯದಂತೆ ಚಾಟ್‌ನಲ್ಲೇ 'ಕೀಪ್' ಮಾಡಿದರೆ ಮಾತ್ರ ಕಳಿಸಿದವರಿಗೆ ತಿಳಿಯುತ್ತದೆ, ಬೇಡ ಅನ್ನುವ ಹಕ್ಕೂ ಅವರದೇ. ಆದರೆ ಸ್ಕ್ರೀನ್‌ಶಾಟ್ ಇರುವಾಗ ಕೀಪ್ ಯಾರಿಗೆ ಬೇಕು?

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಗಡಿಯಾರ ಕಳಿಸಿದ ಗಳಿಗೆಯಿಂದಲೇ ಓಡುತ್ತದೆ. ಸಿಗ್ನಲ್ ಆಪ್‌ನಲ್ಲಿ ಹಾಗಲ್ಲ, ಪಡೆದವರ ಕಡೆ ಓದಿದ ಮೇಲೆ ಶುರು. ಹಾಗಾಗಿ ಭಾನುವಾರ ಬೆಳಿಗ್ಗೆ ಅಂಗಡಿ ಮುಚ್ಚಿದ್ದಾಗ ವಾಟ್ಸಾಪ್‌ನಲ್ಲಿ ಕಳಿಸಿದ ಫೈಲ್ ಸೋಮವಾರ ನಾನು ನೋಡುವಷ್ಟರಲ್ಲಿ ಹೋಗಿರುತ್ತದೆ. ಇದಕ್ಕೆ ಬೈಸಿಕೊಂಡಿದ್ದೇನೆ.

ಕೆಲವರು ಒಂದೇ ಸಲ ತೆರೆದು ನೋಡುವಂತೆ 'ವ್ಯೂ ಒನ್ಸ್' ಹಾಕಿ ಕಳಿಸುತ್ತಾರೆ. ಅದನ್ನು ಸೇವ್ ಮಾಡಲಾಗದು, ಸ್ಕ್ರೀನ್‌ಶಾಟ್ ತೆಗೆಯಲೂ ಬಿಡುವುದಿಲ್ಲ. ಒಳ್ಳೆಯದೇ, ಆದರೆ ಪ್ರಿಂಟ್ ಹೇಗೆ ಕೊಡಲಿ? ಮೋಸ ಮಾಡುವವನಾದರೆ ಇನ್ನೊಂದು ಫೋನ್ ಹಿಡಿದು ಫೋಟೊ ಹೊಡೆದುಕೊಳ್ಳುತ್ತಾನೆ, ಅದನ್ನು ಯಾವ ಆಪ್ ತಡೆಯುತ್ತದೆ?

ಈಗ ಆಟೊ ಡೌನ್‌ಲೋಡ್, ಫೋಟೊಗಳನ್ನು ಗ್ಯಾಲರಿಯಲ್ಲಿ ತೋರಿಸುವ ಮೀಡಿಯಾ ವಿಸಿಬಿಲಿಟಿ ಎರಡೂ ಆಫ್. ರಾತ್ರಿ ಶಟರ್ ಎಳೆಯುವ ಮುಂಚೆ ಡೌನ್‌ಲೋಡ್ಸ್ ಖಾಲಿ, ಆಮೇಲೆ ರೀಸೈಕಲ್ ಬಿನ್ ಕೂಡ. ಮೊನ್ನೆ ಅದೇ ಅಮ್ಮ ಮತ್ತೆ ಕಾಪಿ ಕೇಳಿದರು. 'ಇನ್ನೊಂದು ಸಲ ಕಳಿಸಿಬಿಡಿ ಅಮ್ಮ' ಅಂದೆ.